ಅಗ್ಗದ ಮೆಣಸಿನಕಾಯಿ, ದುಬಾರಿ ತೇವ

ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರ ಜೋರು. ಸುಗ್ಗಿಯ ದಿನಗಳಲ್ಲಿ ಅಂಗಳದ ತುಂಬ ಚೀಲಗಳು ಕೆಂಪಗೆ ಬಾಯ್ದೆರೆದು ಕೂತಿರುತ್ತವೆ. ಒಂದೇ ದಿನ, ಒಂದೇ ಅಂಗಡಿಯ ಮುಂದೆ, ಪಕ್ಕಪಕ್ಕದ ಎರಡು ಲಾಟುಗಳಿಗೆ ಬೇರೆ ಬೇರೆ ದರ ಬೀಳುತ್ತದೆ. ಒಂದರ ಬಣ್ಣ ಗಾಢ, ಇನ್ನೊಂದರದು ಮಾಸಲು. ಒಂದು ಚೆನ್ನಾಗಿ ಒಣಗಿದೆ, ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದರೆ ಮೆತ್ತಗೆ ಬಾಗುತ್ತದೆ.

ಇಂಥ ಮಾರುಕಟ್ಟೆಯಿಂದ ಕಾಯಿ ಕೊಂಡು ಖಾರದ ಪುಡಿ ಮಾಡುವ ಕಾರ್ಖಾನೆಗೆ ಒಂದು ತೊಡಕಿದೆ. ಲಾಟಿಗೊಂದು ದರವಾದರೆ ಇವತ್ತು ಗಿರಣಿಯಿಂದ ಹೊರಬಿದ್ದ ಒಂದು ಕಿಲೋ ಪುಡಿಗೆ ಎಷ್ಟು ಖರ್ಚಾಯಿತು ಎಂದು ಹೇಳುವುದು ಹೇಗೆ? ವ್ಯಾಪಾರಿಗೆ ಬೆಲೆ ಹೇಳಲು ತಿಂಗಳ ಕೊನೆಯವರೆಗೆ ಕಾಯುವಂತಿಲ್ಲ. ಹಾಗಾಗಿ ವರ್ಷದ ಆರಂಭದಲ್ಲೇ ಒಂದು ಅಳತೆಗೋಲು ನಿಗದಿ ಮಾಡಿಕೊಳ್ಳುತ್ತಾರೆ. ಒಂದು ಕಿಲೋ ಪುಡಿಗೆ ಇಷ್ಟು ಕಾಯಿ ಬೇಕು, ಕಾಯಿಗೆ ಇಷ್ಟು ದರ. ಇದೇ ಪ್ರಮಾಣಿತ ವೆಚ್ಚ. ವಾಣಿಜ್ಯ ಓದಿದವರು ಸ್ಟ್ಯಾಂಡರ್ಡ್ ಕಾಸ್ಟಿಂಗ್ ಎನ್ನುತ್ತಾರೆ. ತಿಂಗಳಿಡೀ ಪುಸ್ತಕದಲ್ಲಿ ಈ ಅಳತೆಯಲ್ಲೇ ಲೆಕ್ಕ ನಡೆಯುತ್ತದೆ. ನಿಜವಾಗಿ ಕೊಟ್ಟ ಹಣಕ್ಕೂ ಈ ಅಳತೆಗೂ ಬಂದ ಅಂತರವನ್ನು ಬೇರೆ ಖಾತೆಗಳಲ್ಲಿ ಎತ್ತಿಡುತ್ತಾರೆ. ಅವಧಿ ಮುಗಿದಾಗ ಆ ಅಂತರವನ್ನು ಎಲ್ಲಿಗಾದರೂ ಸೇರಿಸಿ ಖಾತೆ ಮುಚ್ಚಬೇಕು. ಎಲ್ಲಿಗೆ ಸೇರಿಸುತ್ತೇವೆ ಎಂಬುದು ಲಾಭದ ಅಂಕಿಯನ್ನೇ ಬದಲಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರು ಒಳ್ಳೆಯ ಕೆಲಸ ಮಾಡಿದರು ಎಂಬ ತೀರ್ಮಾನವನ್ನೂ ಬದಲಿಸುತ್ತದೆ.

ಲೆಕ್ಕ ಕೈಗೆ ಸಿಗಲೆಂದು ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಇಲ್ಲಿ ಬರುವ ಅಂಕಿಗಳೆಲ್ಲ ಉದಾಹರಣೆಯವು.

ಅಳತೆಗೋಲು ಹೇಗೆ ಹುಟ್ಟುತ್ತದೆ

ಈ ಘಟಕ 100 ಕಿಲೋ ಪುಡಿಗೆ 115 ಕಿಲೋ ಒಣ ಮೆಣಸಿನಕಾಯಿ ಬೇಕೆಂದು ನಿಗದಿ ಮಾಡಿದೆ. ಮಿಕ್ಕ 15 ಕಿಲೋ ಎಲ್ಲಿ ಹೋಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಹೆಣ್ಣುಮಕ್ಕಳು ಕೂತು ಬಿಡಿಸುವ ತೊಟ್ಟು, ಜರಡಿಯಲ್ಲಿ ಇಳಿಯುವ ಧೂಳು, ಆರಿಸಿ ತೆಗೆದ ಹಾಳು ಕಾಯಿ ಸೇರಿ ಸುಮಾರು 13 ಕಿಲೋ. ಉಳಿದ ಸುಮಾರು 2 ಕಿಲೋ ನೀರು. ಕಾಯಿ ಬರುವಾಗ ಅದರ ತೂಕದಲ್ಲಿ ನೂರಕ್ಕೆ 10 ಭಾಗ ತೇವ ಇರುತ್ತದೆ, ಪುಡಿಯಾಗಿ ಹೊರಡುವಾಗ 8 ಭಾಗ ಇರುತ್ತದೆ ಎಂದು ಎಣಿಸಿದ್ದಾರೆ. ಕಾಯಿಯ ದರ ಕಿಲೋಗೆ 300 ರೂಪಾಯಿ. ಬಾಡಿಗೆ, ಹಮಾಲಿ, ದಲಾಲಿ ಎಲ್ಲ ಸೇರಿ ಕಾರ್ಖಾನೆಯ ಬಾಗಿಲಿಗೆ ಬಿದ್ದ ದರ ಇದು. ಹಾಗಾಗಿ ಒಂದು ಕಿಲೋ ಪುಡಿಯಲ್ಲಿ ಇರಬೇಕಾದ ಕಾಯಿಯ ಖರ್ಚು 1.15 ಕಿಲೋಗೆ 300ರಂತೆ 345 ರೂಪಾಯಿ.

ನೂರಕ್ಕೆ 10 ಭಾಗ ತೇವ ಎಂಬ ಎಣಿಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಪ್ರಮಾಣಿತ ವೆಚ್ಚದ ಕಾರ್ಡಿನಲ್ಲಿ ಸಾಮಾನ್ಯವಾಗಿ 115 ಕಿಲೋ, 300 ರೂಪಾಯಿ ಎಂದಷ್ಟೇ ಬರೆದಿರುತ್ತದೆ. ಆ ಎರಡು ಅಂಕಿಗಳು ಯಾವ ಗುಣದ ಕಾಯಿಯನ್ನು ನಂಬಿ ನಿಂತಿವೆ ಎಂಬುದು ಕಾರ್ಡಿನಲ್ಲಿ ಕಾಣುವುದಿಲ್ಲ.

ಮಾರ್ಚ್ ತಿಂಗಳ ಎರಡು ಅಂಕಿಗಳು

ಮಾರ್ಚ್ 1ರಂದು ಗೋದಾಮು ಖಾಲಿ ಇತ್ತು. ತಿಂಗಳಲ್ಲಿ 30,000 ಕಿಲೋ ಕಾಯಿ ಬಂತು. ಸಿಕ್ಕ ದರ ಕಿಲೋಗೆ 285 ರೂಪಾಯಿ. ಕೊಡಬೇಕಾದ ಹಣ 85,50,000. ಪುಸ್ತಕದಲ್ಲಿ ಮಾತ್ರ ಗೋದಾಮಿನ ಖಾತೆಗೆ 300ರಂತೆ 90,00,000 ಡೆಬಿಟ್ ಆಗುತ್ತದೆ, ಮಾರಿದವರ ಖಾತೆಗೆ 85,50,000 ಕ್ರೆಡಿಟ್ ಆಗುತ್ತದೆ. ನಡುವಿನ 4,50,000 ಬೆಲೆ ವ್ಯತ್ಯಾಸದ ಖಾತೆಗೆ ಕ್ರೆಡಿಟ್. ಇರಬೇಕಾದ್ದಕ್ಕಿಂತ ಕಡಿಮೆ ಕೊಟ್ಟಿದ್ದರಿಂದ ಇದನ್ನು ಅನುಕೂಲ ವ್ಯತ್ಯಾಸ ಎನ್ನುತ್ತಾರೆ.

ಗಿರಣಿ ಆ ತಿಂಗಳು 20,000 ಕಿಲೋ ಪುಡಿ ಮಾಡಿತು. ಅಳತೆಗೋಲಿನ ಪ್ರಕಾರ 23,000 ಕಿಲೋ ಕಾಯಿ ಸಾಕಿತ್ತು, ಖರ್ಚಾದದ್ದು 24,200. ಹೆಚ್ಚು ಹೋದ 1,200 ಕಿಲೋವನ್ನು 300ರಂತೆ ಗುಣಿಸಿದರೆ 3,60,000. ಇದು ಬಳಕೆ ವ್ಯತ್ಯಾಸ, ಪ್ರತಿಕೂಲ. ಪುಸ್ತಕದಲ್ಲಿ ತಯಾರಿಕೆಯ ಖಾತೆಗೆ 69,00,000, ಬಳಕೆ ವ್ಯತ್ಯಾಸದ ಖಾತೆಗೆ 3,60,000 ಡೆಬಿಟ್. ಗೋದಾಮಿಗೆ 72,60,000 ಕ್ರೆಡಿಟ್.

ಹೆಚ್ಚು ಹೋದ ಕಾಯಿಗೆ 285ರ ಬದಲು 300 ಹಾಕಿದ್ದೇಕೆ ಎಂದು ಕೇಳಬಹುದು. ಗಿರಣಿಯ ಮೇಸ್ತ್ರಿ ಮಾರುಕಟ್ಟೆಗೆ ಹೋಗುವುದಿಲ್ಲ. ದರ ಏರಿದರೂ ಇಳಿದರೂ ಅದು ಅವರ ಕೈಯಲ್ಲಿಲ್ಲ. ಅವರ ಕೆಲಸವನ್ನು ಕಿಲೋಗಳಲ್ಲಿ ಅಳೆಯಬೇಕು. ಎಲ್ಲ ತಿಂಗಳೂ ಒಂದೇ ದರದಿಂದ ಗುಣಿಸಿದರೆ ಮಾತ್ರ ಈ ತಿಂಗಳ ಬಳಕೆಯನ್ನು ಹೋದ ತಿಂಗಳಿನದರ ಪಕ್ಕ ಇಟ್ಟು ನೋಡಲು ಬರುತ್ತದೆ. ಅದೇ ಕಾರಣಕ್ಕೆ ದರದ ಅಂತರವನ್ನು ಕಾಯಿ ಬಾಗಿಲಿಗೆ ಬಂದ ದಿನವೇ ಎತ್ತಿಡುತ್ತಾರೆ. ಬಳಸುವ ದಿನದವರೆಗೆ ಕಾದರೆ ಖರೀದಿಯ ಒಳಿತು ಕೆಡುಕು ತಿಳಿಯುವಷ್ಟರಲ್ಲಿ ಸುಗ್ಗಿಯೇ ಮುಗಿದಿರುತ್ತದೆ.

ಹೀಗೆ ತಿಂಗಳ ಕೊನೆಗೆ ಎರಡು ಅಂಕಿಗಳು ಮೇಜಿನ ಮೇಲೆ ಬಂದವು. ಖರೀದಿ ವಿಭಾಗ ನಾಲ್ಕೂವರೆ ಲಕ್ಷ ಉಳಿಸಿದೆ, ಗಿರಣಿ ಮೂರು ಲಕ್ಷ ಅರವತ್ತು ಸಾವಿರ ಕಳೆದಿದೆ. ಮೊದಲ ನೋಟಕ್ಕೆ ಖರೀದಿಯವರಿಗೆ ಶಹಭಾಸ್, ಮೇಸ್ತ್ರಿಗೆ ನೋಟಿಸ್. ಎಷ್ಟೋ ಕಾರ್ಖಾನೆಗಳಲ್ಲಿ ಮಾತು ಇಲ್ಲಿಗೇ ನಿಲ್ಲುತ್ತದೆ.

ಮುಚ್ಚುವ ಮುನ್ನ ತೂಕ ನಂಬಬಹುದೇ

ಬೆಲೆ ವ್ಯತ್ಯಾಸಕ್ಕೆ ಬಿಲ್ಲು ಸಾಕ್ಷಿ. ಬಳಕೆ ವ್ಯತ್ಯಾಸಕ್ಕೆ ಅಂಥ ಕಾಗದವಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಪ್ರತಿ ಬ್ಯಾಚಿಗೂ ಕಾಯಿ ತೂಗಿ ಕೊಡುತ್ತಾರೆ. ಸಣ್ಣ ಘಟಕಗಳಲ್ಲಿ ತಿಂಗಳ ಕೊನೆಯ ದಿನ ಗೋದಾಮಿನಲ್ಲಿ ಉಳಿದ ಚೀಲಗಳನ್ನು ತೂಗಿ, ಮೊದಲಿದ್ದದ್ದು ಮತ್ತು ಬಂದದ್ದರ ಮೊತ್ತದಲ್ಲಿ ಉಳಿದದ್ದನ್ನು ಕಳೆದು, ಮಿಕ್ಕಿದ್ದೆಲ್ಲ ಬಳಕೆಯಾಯಿತು ಎಂದು ಬರೆಯುತ್ತಾರೆ. ನಮ್ಮ ಘಟಕದಲ್ಲೂ 30,000ದಲ್ಲಿ ಉಳಿದ 5,800 ಕಳೆದೇ 24,200 ಬಂದದ್ದು. ಹಾಗಾಗಿ ಎಣಿಕೆಯ ತಪ್ಪುಗಳೆಲ್ಲ ಮೇಸ್ತ್ರಿಯ ಲೆಕ್ಕಕ್ಕೆ ಬಂದು ಸೇರುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಕೊನೆಯ ಲಾರಿಯದು. ಮಾರ್ಚ್ 31ರ ಸಂಜೆ ಬಂದ ಲಾರಿಯ ಕಾಗದ ಪುಸ್ತಕಕ್ಕೆ ಏರಿದೆ, ಆದರೆ ಮಾಲು ಇನ್ನೂ ಅಂಗಳದಲ್ಲೇ ಇದೆ, ಗೋದಾಮಿನ ಎಣಿಕೆಗೆ ಬಂದಿಲ್ಲ ಎಂದುಕೊಳ್ಳಿ. ಆ ಲಾರಿಯ ಅಷ್ಟೂ ಕಾಯಿ ಗಿರಣಿ ತಿಂದಿತು ಎಂದೇ ಲೆಕ್ಕ ಹೇಳುತ್ತದೆ. ಇದನ್ನು ಗುರುತಿಸಲು ಮುಂದಿನ ತಿಂಗಳನ್ನು ನೋಡಬೇಕು. ಈ ತಿಂಗಳು ಎಷ್ಟು ಪ್ರತಿಕೂಲ ಬಂದಿತ್ತೋ ಮುಂದಿನ ತಿಂಗಳು ಸರಿಸುಮಾರು ಅಷ್ಟೇ ಅನುಕೂಲ ಬಂದರೆ ತಪ್ಪು ಗಿರಣಿಯದಲ್ಲ, ಎಣಿಕೆಯ ದಿನದ್ದು. ನಿಜವಾದ ಪೋಲು ಹೀಗೆ ತಾನಾಗಿಯೇ ಮರಳಿ ಬರುವುದಿಲ್ಲ. ವರ್ಷದ ಕೊನೆಯಲ್ಲಿ ಮುಂದಿನ ತಿಂಗಳಿಗೆ ಕಾಯುವಂತಿಲ್ಲವಾದ್ದರಿಂದ ಕೊನೆಯ ಎರಡು ಮೂರು ದಿನಗಳ ಗೇಟ್ ರಿಜಿಸ್ಟರನ್ನು ಸರಕು ರಸೀದಿಗಳ ಜೊತೆ ಸಾಲುಸಾಲಾಗಿ ಹೋಲಿಸಬೇಕು.

ಇನ್ನೊಂದು, ಬಿಲ್ಲಿನದು. ಮಾಲು ಮಾರ್ಚಿನಲ್ಲಿ ಬಂದು ಬಿಲ್ಲು ಏಪ್ರಿಲಿನಲ್ಲಿ ಬರುವುದುಂಟು. ಬಾಡಿಗೆಯ ಬಿಲ್ಲಂತೂ ಇನ್ನೂ ತಡ. ಅಂದಾಜಿನ ದರ ಹಾಕಿ ಮಾರ್ಚ್ ಮುಚ್ಚಿದರೆ, ನಿಜ ದರ ತಿಳಿದಾಗ ಹುಟ್ಟುವ ಅಂತರ ಏಪ್ರಿಲಿನ ಖರೀದಿಯ ಮೇಲೆ ಬೀಳುತ್ತದೆ. ಬಿಲ್ಲು ಬಾರದ ರಸೀದಿಗಳ ಪಟ್ಟಿ ಮಾಡಿ, ವ್ಯಾಪಾರ ಕುದುರಿದ ದರವನ್ನೇ ಹಾಕಿ, ಬಾಡಿಗೆಯನ್ನೂ ಸೇರಿಸಿಕೊಂಡರೆ ಈ ಗೊಂದಲ ತಪ್ಪುತ್ತದೆ.

ನಮ್ಮ ಘಟಕದಲ್ಲಿ ಇದೆಲ್ಲ ಪರಿಶೀಲಿಸಿಯಾಗಿದೆ. ತೂಕ ಸರಿ ಇದೆ, ಬಿಲ್ಲುಗಳು ಬಂದಿವೆ. ಆದರೂ 1,200 ಕಿಲೋ ಹೆಚ್ಚು ಹೋಗಿದೆ.

ನಾಲ್ಕೂವರೆ ಲಕ್ಷ ಎಲ್ಲಿದೆ

ಅವಧಿಯ ಕೊನೆಯಲ್ಲಿ ಎರಡೂ ವ್ಯತ್ಯಾಸಗಳನ್ನು ಮಾರಿದ ಮಾಲಿನ ವೆಚ್ಚಕ್ಕೆ ಸೇರಿಸಿಬಿಡುವುದು ಸುಲಭದ ದಾರಿ. ತಿಂಗಳಲ್ಲಿ 15,000 ಕಿಲೋ ಪುಡಿ ಮಾರಾಟವಾಗಿದೆ, 5,000 ಕಿಲೋ ಉಳಿದಿದೆ. ಮಾರಿದ್ದರ ಪ್ರಮಾಣಿತ ವೆಚ್ಚ 345ರಂತೆ 51,75,000. ಅದರಲ್ಲಿ 4,50,000 ಕಳೆದು 3,60,000 ಕೂಡಿಸಿದರೆ 50,85,000. ಖಾತೆ ಮುಚ್ಚಿತು, ಲಾಭ 90,000 ಹೆಚ್ಚಾಯಿತು.

ಈ ಲೆಕ್ಕದಲ್ಲಿ ಒಂದು ತಪ್ಪು ಅಡಗಿದೆ. 4,50,000 ಎಂಬುದು 30,000 ಕಿಲೋದ ಮೇಲೆ ಬಂದ ಉಳಿತಾಯ, ಕಿಲೋಗೆ 15 ರೂಪಾಯಿಯಂತೆ. ಆ ಕಾಯಿಯಲ್ಲಿ 5,800 ಕಿಲೋ ಇನ್ನೂ ಗೋದಾಮಿನಲ್ಲೇ ಇದೆ. ಅದರ ಪಾಲಿನ 87,000 ರೂಪಾಯಿ ಲಾಭವಾಗಿಲ್ಲ, ಬರೀ ದಾಸ್ತಾನು. ಪುಸ್ತಕ ಆ ಕಾಯಿಯನ್ನು 300 ಎಂದು ತೋರಿಸುತ್ತಿದೆ, ಕೊಟ್ಟದ್ದು 285. ಮಾರದ ಮಾಲಿನ ಬೆಲೆಯನ್ನು ಏರಿಸಿ, ಆ ಏರಿಕೆಯನ್ನೇ ಈ ವರ್ಷದ ಲಾಭಕ್ಕೆ ಸೇರಿಸಿದಂತಾಯಿತು.

ದಾಸ್ತಾನಿನ ಮೌಲ್ಯಮಾಪನಕ್ಕೆ ನಮ್ಮಲ್ಲಿ ಇರುವ ಲೆಕ್ಕಪತ್ರ ಮಾನಕ ಎಎಸ್ 2 ಇದನ್ನು ಒಪ್ಪುವುದಿಲ್ಲ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 2 ಕೂಡ ಹಾಗೆಯೇ. ಅನುಕೂಲಕ್ಕಾಗಿ ಪ್ರಮಾಣಿತ ವೆಚ್ಚ ಬಳಸಬಹುದು, ಆದರೆ ಬರುವ ಫಲಿತಾಂಶ ನಿಜವಾದ ವೆಚ್ಚಕ್ಕೆ ಹತ್ತಿರವಿರಬೇಕು ಎಂಬುದು ಎರಡರ ಷರತ್ತು. ಅಂತರ ಚಿಕ್ಕದಾಗಿದ್ದರೆ ಮಾರಿದ ವೆಚ್ಚಕ್ಕೆ ಸೇರಿಸಿ ಮುಗಿಸಬಹುದು. ದೊಡ್ಡದಾಗಿದ್ದರೆ ಹಂಚಬೇಕು.

ಹಂಚುವ ಕ್ರಮ ಹೀಗೆ. ಬೆಲೆ ವ್ಯತ್ಯಾಸ ಕಾಯಿಯನ್ನು ಹಿಂಬಾಲಿಸುತ್ತದೆ. ಗೋದಾಮಿನಲ್ಲಿ ಉಳಿದ 5,800 ಕಿಲೋಗೆ 87,000 ಹೋಗುತ್ತದೆ. ಅಲ್ಲಿಗೆ ಗೋದಾಮಿನ ಮಾಲು 16,53,000 ರೂಪಾಯಿಗೆ, ಅಂದರೆ ಕಿಲೋಗೆ 285ಕ್ಕೆ ಬಂದು ನಿಲ್ಲುತ್ತದೆ. ಬಳಸಿದ 24,200 ಕಿಲೋದ ಪಾಲು 3,63,000. ಇದು ಪುಡಿಯೊಳಗೆ ಸೇರಿದೆ. ಪುಡಿಯಲ್ಲಿ ಮುಕ್ಕಾಲು ಭಾಗ ಮಾರಾಟವಾಗಿ ಕಾಲು ಭಾಗ ಉಳಿದಿದೆ, ಹಾಗಾಗಿ 2,72,250 ಮಾರಿದ ವೆಚ್ಚಕ್ಕೆ, 90,750 ಉಳಿದ ಪುಡಿಗೆ.

ಬಳಕೆ ವ್ಯತ್ಯಾಸ ಗೋದಾಮಿಗೆ ಹಿಂದಿರುಗುವುದಿಲ್ಲ. ಬಳಸದ ಕಾಯಿಯಲ್ಲಿ ಬಳಕೆಯ ತಪ್ಪು ಇರಲು ಹೇಗೆ ಸಾಧ್ಯ? ಅದು ಪುಡಿಗೆ ಮಾತ್ರ ಸೇರಬೇಕು. ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು, ಹೆಚ್ಚು ಹೋದದ್ದು ಸಾಮಾನ್ಯವಾದದ್ದೇ, ಅಸಾಮಾನ್ಯವಾದದ್ದೇ? ಚಾವಣಿ ಸೋರಿ ಕಾಯಿ ಬೂಸ್ಟು ಹಿಡಿದಿದ್ದರೆ ಅದು ಅಸಾಮಾನ್ಯ ನಷ್ಟ. ಅದನ್ನು ಉಳಿದ ಪುಡಿಯ ಬೆಲೆಗೆ ಸೇರಿಸುವಂತಿಲ್ಲ, ಇಡಿಯಾಗಿ ಆ ವರ್ಷದ ಲಾಭನಷ್ಟದ ಖಾತೆಗೇ ಹೋಗಬೇಕು. ಕಾಯಿಯ ಗುಣದಿಂದ ಇಳುವರಿ ಕಡಿಮೆಯಾಗಿದ್ದರೆ ಅದು ಪುಡಿ ಮಾಡುವ ಖರ್ಚಿನ ಭಾಗ. ನಮ್ಮ ಘಟಕದಲ್ಲಿ ನಡೆದದ್ದು ಎರಡನೆಯದು ಎಂದು ಮುಂದೆ ನೋಡುತ್ತೇವೆ. ಹಾಗಾಗಿ 3,60,000ದಲ್ಲಿ 2,70,000 ಮಾರಿದ ವೆಚ್ಚಕ್ಕೆ, 90,000 ಉಳಿದ ಪುಡಿಗೆ.

ಈಗ ಮಾರಿದ ಮಾಲಿನ ವೆಚ್ಚ 51,72,750. ಸುಲಭದ ದಾರಿಯಲ್ಲಿ ಬಂದದ್ದು 50,85,000. ಅಂತರ 87,750 ರೂಪಾಯಿ. ಬಹುಪಾಲು ಅದೇ ಗೋದಾಮಿನ ಕಾಯಿಯ 87,000. ಹಂಚಿಕೆ ಸರಿಯಾಯಿತೇ ಎಂದು ತಾಳೆ ನೋಡುವುದೂ ಸುಲಭ. ಮಾರಿದ ವೆಚ್ಚ, ಉಳಿದ ಪುಡಿಯ 17,24,250, ಉಳಿದ ಕಾಯಿಯ 16,53,000 ಕೂಡಿಸಿದರೆ ಮೊತ್ತ 85,50,000 ಬರಬೇಕು. ಕಾಯಿಗೆ ನಿಜವಾಗಿ ಕೊಟ್ಟ ಹಣ ಅಷ್ಟೇ ತಾನೆ. ಇಲ್ಲಿ ಸರಿಯಾಗಿ ಅಷ್ಟೇ ಬರುತ್ತದೆ.

ಎರಡು ವ್ಯತ್ಯಾಸ, ಒಂದೇ ಕಥೆ

ಹಂಚುವಾಗ ಬಂದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಳಸಿದ ಕಾಯಿಯ ಮೇಲೆ ದರದಲ್ಲಿ ಉಳಿದದ್ದು 3,63,000. ಅದೇ ಕಾಯಿಯನ್ನು ಹೆಚ್ಚು ಬಳಸಿದ್ದರಿಂದ ಹೋದದ್ದು 3,60,000. ಉಳಿದದ್ದು ಬರೀ 3,000 ರೂಪಾಯಿ. ಖರೀದಿಯ ನಾಲ್ಕೂವರೆ ಲಕ್ಷದ ಸಾಧನೆಯಲ್ಲಿ ಪುಡಿಯಾಗಿ ಹೊರಬಂದ ಭಾಗಕ್ಕೆ ಕೈಗೆ ಸಿಕ್ಕಿದ್ದು ಅಷ್ಟೇ.

ಇದು ಕಾಕತಾಳೀಯ ಇರಬಹುದೇ? ತೇವದ ಮೀಟರು ಉತ್ತರ ಹೇಳುತ್ತದೆ. ಮಾರ್ಚಿನಲ್ಲಿ ಬಂದ ಕಾಯಿಯ ತೇವ ನೂರಕ್ಕೆ 14.5 ಭಾಗ ಇತ್ತು ಎಂದುಕೊಳ್ಳಿ. ಅಳತೆಗೋಲು ನಂಬಿದ್ದು 10. ಕಾಯಿಯಲ್ಲಿರುವ ನೀರನ್ನು ಬಿಟ್ಟು ಒಣ ಭಾಗವನ್ನಷ್ಟೇ ಲೆಕ್ಕಿಸಿದರೆ, 23,000 ಕಿಲೋ ಸರಿಯಾದ ಕಾಯಿಯಲ್ಲಿ ಇರಬೇಕಾದದ್ದು 20,700 ಕಿಲೋ. ತೇವದ ಕಾಯಿ 24,200 ಕಿಲೋದಲ್ಲಿ ಇದ್ದದ್ದು 20,691 ಕಿಲೋ. ಎರಡೂ ಹೆಚ್ಚು ಕಡಿಮೆ ಒಂದೇ. ಗಿರಣಿಯಲ್ಲಿ ಏನೂ ಪೋಲಾಗಿಲ್ಲ. ಹೆಚ್ಚು ಹೋದ 1,200 ಕಿಲೋ ಎಂಬುದು ಚೀಲದಲ್ಲಿ ತೂಕವಾಗಿ ಬಂದು ಒಣಗಿಸುವಾಗ ಗಾಳಿಗೆ ಹೋದ ನೀರು.

ದರಕ್ಕೂ ಇದೇ ಲೆಕ್ಕ ಹಾಕಿ. ನೂರಕ್ಕೆ 10 ಭಾಗ ತೇವದ ಕಾಯಿಗೆ 300 ಕೊಟ್ಟರೆ ಒಣ ಭಾಗದ ಕಿಲೋಗೆ 333 ರೂಪಾಯಿ 33 ಪೈಸೆ ಬೀಳುತ್ತದೆ. 14.5 ಭಾಗ ತೇವದ ಕಾಯಿಗೆ 285 ಕೊಟ್ಟರೆ ಬೀಳುವುದೂ 333 ರೂಪಾಯಿ 33 ಪೈಸೆ. ಅಗ್ಗದ ಕಾಯಿ ಅಗ್ಗವಾಗಿರಲೇ ಇಲ್ಲ. ಮಾರುಕಟ್ಟೆಯಲ್ಲಿ ಮುಷ್ಟಿಯಲ್ಲಿ ಹಿಡಿದು ನೋಡುವ ವ್ಯಾಪಾರಿ ನೀರಿನ ಬೆಲೆ ಕಳೆದೇ ದರ ಹೇಳಿದ್ದರು. ಪುಸ್ತಕ ಮಾತ್ರ ನೀರನ್ನೂ ಕಾಯಿ ಎಂದೇ ಬರೆದುಕೊಂಡಿತು. ಒಂದೇ ಕಾರಣಕ್ಕೆ ಬೆಲೆಯ ಖಾತೆಯಲ್ಲಿ ಲಾಭವೂ ಬಳಕೆಯ ಖಾತೆಯಲ್ಲಿ ನಷ್ಟವೂ ಹುಟ್ಟಿದ್ದು ಹೀಗೆ.

ಗೋದಾಮಿನಲ್ಲಿ ಉಳಿದ 87,000ಕ್ಕೂ ಇದೇ ಗತಿ. ಆ 5,800 ಕಿಲೋ ಏಪ್ರಿಲಿನಲ್ಲಿ ಗಿರಣಿಗೆ ಹೋದಾಗ ಇದೇ ಇಳುವರಿ ಬಂದರೆ ಸುಮಾರು 86,000 ರೂಪಾಯಿಯ ಪ್ರತಿಕೂಲ ಬಳಕೆ ವ್ಯತ್ಯಾಸ ಬರುತ್ತದೆ. ಮಾರ್ಚಿನಲ್ಲೇ ಅದನ್ನು ಲಾಭವೆಂದು ತೆಗೆದುಕೊಂಡವರು ಏಪ್ರಿಲಿನಲ್ಲಿ ಅಷ್ಟನ್ನೂ ನಷ್ಟವಾಗಿ ಕಟ್ಟಬೇಕು. ಉಳಿತಾಯವನ್ನು ಕಾಯಿಯ ಜೊತೆಗೇ ಗೋದಾಮಿನಲ್ಲಿ ಬಿಟ್ಟರೆ ಅದು ಹುಟ್ಟಿದ ನಷ್ಟದ ಜೊತೆಗೆ ಒಂದೇ ತಿಂಗಳಲ್ಲಿ ಲೆಕ್ಕಕ್ಕೆ ಬರುತ್ತದೆ. ಹಂಚಿಕೆಯ ನಿಯಮ ಬರೀ ಲೆಕ್ಕಿಗರ ಶಿಸ್ತಲ್ಲ ಎಂಬುದು ಇಲ್ಲಿ ತಿಳಿಯುತ್ತದೆ.

ಅಳತೆಗೋಲೇ ಹಳತಾದಾಗ

ಇಷ್ಟೆಲ್ಲ ಮಾಡಿದ ಮೇಲೂ ಬೆಲೆ ವ್ಯತ್ಯಾಸದಿಂದ ಖರೀದಿಯವರ ಜಾಣ್ಮೆ ಅಳೆಯಲು ಬಾರದ ಸಂದರ್ಭಗಳಿವೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅಂಥ ಕುಸಿತದ ತಿಂಗಳಲ್ಲಿ ವರ್ಷದ ಹಿಂದೆ ನಿಗದಿಯಾದ ದರದ ಪಕ್ಕ ಯಾರ ಖರೀದಿಯನ್ನು ಇಟ್ಟರೂ ದೊಡ್ಡ ಅನುಕೂಲ ವ್ಯತ್ಯಾಸವೇ ಬರುತ್ತದೆ. ಆ ಅಂಕಿಯಲ್ಲಿ ಕಾರ್ಖಾನೆಯ ಜಾಣ್ಮೆಯಿಲ್ಲ, ಬೆಳೆದವರ ನಷ್ಟವಿದೆ.

ಇದಕ್ಕೆ ದಾರಿ, ವ್ಯತ್ಯಾಸವನ್ನು ಎರಡಾಗಿ ಸೀಳುವುದು. ನಿಗದಿ ದರಕ್ಕೂ ಆ ದಿನದ ಮಾರುಕಟ್ಟೆ ದರಕ್ಕೂ ಇರುವ ಅಂತರ ಒಂದು. ಅದು ಅಳತೆಗೋಲು ಎಷ್ಟು ಹಳತಾಗಿದೆ ಎಂದು ಹೇಳುತ್ತದೆ. ಮಾರುಕಟ್ಟೆ ದರಕ್ಕೂ ಕೊಟ್ಟ ದರಕ್ಕೂ ಇರುವ ಅಂತರ ಇನ್ನೊಂದು. ಖರೀದಿಯವರನ್ನು ಕೇಳಬೇಕಾದದ್ದು ಇದನ್ನು ಮಾತ್ರ. ತಿಂಗಳ ಮೇಲೆ ತಿಂಗಳು ಬೆಲೆ ವ್ಯತ್ಯಾಸ ಒಂದೇ ಕಡೆಗೆ ವಾಲುತ್ತಿದ್ದರೆ ಅಳತೆಗೋಲು ಬದಲಿಸುವ ಹೊತ್ತು ಬಂದಿದೆ ಎಂದರ್ಥ. ಪ್ರಮಾಣಿತ ವೆಚ್ಚವನ್ನು ಆಗಾಗ ಪರಿಶೀಲಿಸಿ, ಬೇಕಾದರೆ ತಿದ್ದಬೇಕೆಂದು ಮಾನಕಗಳೂ ಹೇಳುತ್ತವೆ. ತಿದ್ದುವ ದಿನ ಗೋದಾಮಿನಲ್ಲಿರುವ ಮಾಲಿನ ಪುಸ್ತಕದ ಬೆಲೆಯೂ ಬದಲಾಗುತ್ತದೆ. ಆ ಬದಲಾವಣೆಯನ್ನು ಖರೀದಿಯ ವ್ಯತ್ಯಾಸದ ಜೊತೆ ಬೆರೆಸದೆ ಬೇರೆಯೇ ತೋರಿಸಬೇಕು.

ಹಂಚಿಕೆಗೂ ಒಂದು ಮಿತಿ ಇದೆ. ಮಾರಿದ ಪುಡಿಯೂ ಉಳಿದ ಪುಡಿಯೂ ಒಂದೇ ಬಗೆಯ ಕಾಯಿಯಿಂದ ಆದದ್ದೆಂದು ಅದು ನಂಬುತ್ತದೆ. ತಿಂಗಳ ಮೊದಲ ಭಾಗದಲ್ಲಿ ಒಣ ಕಾಯಿ, ಕೊನೆಯಲ್ಲಿ ತೇವದ ಕಾಯಿ ಅರೆದಿದ್ದರೆ ಸರಾಸರಿಯ ಹಂಚಿಕೆ ನಿಜವನ್ನು ಹೇಳದು. ಅಂಥಲ್ಲಿ ಲಾಟಿನ ನಂಬರು ಹಿಡಿದು ಹೋಗುವುದೇ ದಾರಿ.

ನಮ್ಮ ಘಟಕ ಮಾಡಬೇಕಾದ ಕೆಲಸ ಈಗ ಸ್ಪಷ್ಟ. ಗೇಟಿನಲ್ಲಿ ಪ್ರತಿ ಲಾಟಿನ ತೇವ ಅಳೆದು ಸರಕು ರಸೀದಿಯಲ್ಲೇ ಬರೆಯಬೇಕು. ಪ್ರಮಾಣಿತ ದರ ಮತ್ತು ಪ್ರಮಾಣ ಎರಡನ್ನೂ ಒಣ ಭಾಗದ ಕಿಲೋಗೆ ನಿಗದಿ ಮಾಡಬೇಕು. ಹಾಗೆ ಮಾಡಿದ್ದರೆ ಮಾರ್ಚಿನಲ್ಲಿ ಬೆಲೆ ವ್ಯತ್ಯಾಸ ಸೊನ್ನೆ ಬರುತ್ತಿತ್ತು, ಬಳಕೆ ವ್ಯತ್ಯಾಸ ಸುಮಾರು 3,000 ರೂಪಾಯಿ ಅನುಕೂಲ ಬರುತ್ತಿತ್ತು. ಹಂಚಲು ಏನೂ ಉಳಿಯುತ್ತಿರಲಿಲ್ಲ, ಯಾರಿಗೂ ನೋಟಿಸ್ ಹೋಗುತ್ತಿರಲಿಲ್ಲ. ಮುಂದೆ ಯಾವಾಗಲಾದರೂ ಒಣ ಭಾಗದ ಲೆಕ್ಕದಲ್ಲೂ ಬಳಕೆ ಹೆಚ್ಚು ಎಂದು ಬಂದರೆ ಆಗ ಮೇಸ್ತ್ರಿಯನ್ನು ಕೇಳಬಹುದು. ತೊಟ್ಟಿನ ಜೊತೆ ಒಳ್ಳೆಯ ಕಾಯಿಯೂ ಹೋಗುತ್ತಿದೆಯೇ, ಜರಡಿ ಹರಿದಿದೆಯೇ, ಪುಡಿ ಅತಿಯಾಗಿ ಒಣಗುತ್ತಿದೆಯೇ ಎಂದು. ಅವರ ಕೈಯಲ್ಲಿರುವ, ಅವರು ಉತ್ತರ ಕೊಡಬಲ್ಲ ಪ್ರಶ್ನೆಗಳು ಅವು.